ಹೆಸರು ತಪ್ಪಿಸಿದ ದಾರಿ: ಎಮ್ಮೆಯ ಗಳಲೆ ಬೇನೆಯ ಚರಿತ್ರೆಯಲ್ಲೊಂದು ತಕರಾರು

ಪಶುರೋಗಗಳ ಚರಿತ್ರೆ ಬರೆಯುವವರಲ್ಲಿ ಒಂದು ಅಭ್ಯಾಸ ಬೇರೂರಿದೆ. ಸತ್ತ ದನದ ಮೂಗು ಬಾಯಿಗಳಿಂದ ರಕ್ತ ಸುರಿಯಿತೆಂಬ ಹಳೆಯ ವರದಿ ಸಿಕ್ಕರೆ ಅದನ್ನು ಗಳಲೆ ಬೇನೆಯ ಖಾತೆಗೆ ಹಾಕುತ್ತಾರೆ. ಮಳೆ ಹಿಡಿದ ಮೇಲೆ ಎಮ್ಮೆಗಳು ಗಂಟಲು ಬಾತು ಸತ್ತವು ಎಂದಿದ್ದರೆ ನೆರಡಿಯ ಖಾತೆಗೆ. ಎರಡೂ ಬಹುಮಟ್ಟಿಗೆ ಅದಲುಬದಲಾಗಿವೆ.

ತಪ್ಪಿನ ಮೂಲ ಹೆಸರಿನಲ್ಲಿದೆ. ‘ಹೆಮೊರಾಜಿಕ್ ಸೆಪ್ಟಿಸೀಮಿಯಾ’ದಲ್ಲಿ ರಕ್ತಸ್ರಾವ ಎದ್ದು ಕಾಣುತ್ತದೆ, ಗಂಟಲಿನ ಸುಳಿವೇ ಇಲ್ಲ. ಜರ್ಮನಿಯ ಹ್ಯೂಪೆ 1886ರಲ್ಲಿ ಈ ಹೆಸರಿಟ್ಟಾಗ ಅವನ ಮುಂದಿದ್ದದ್ದು ಎಮ್ಮೆಯೊಂದೇ ಅಲ್ಲ. ಕೋಳಿಯ ಕಾಲರಾ, ಮೊಲದ ನಂಜು, ಜಿಂಕೆ ದನಗಳ ಪಿಡುಗು ಎಲ್ಲವನ್ನೂ ಅವನು ಒಂದೇ ಕುಟುಂಬಕ್ಕೆ ಸೇರಿಸಿದ. ಹೆಣ ಕೊಯ್ದಾಗ ಹೃದಯದ ಪೊರೆಯ ಮೇಲೆ, ಕರುಳಿನ ಹೊದಿಕೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಾಣುವ ರಕ್ತದ ಚುಕ್ಕೆಗಳಿಂದ ಆ ಹೆಸರು ಬಂತು. ಅವು ಒಳಗಿನ ಚುಕ್ಕೆಗಳು. ಹಟ್ಟಿಯಲ್ಲಿ ನಿಂತವನ ಕಣ್ಣಿಗೆ ಬೀಳುವುದಿಲ್ಲ.

ಹಟ್ಟಿಯಲ್ಲಿ ಕಾಣುವುದೇ ಬೇರೆ. ಸಂಜೆ ಹಾಲು ಕೊಟ್ಟ ಎಮ್ಮೆ ಬೆಳಗ್ಗೆ ಮೇವು ಮುಟ್ಟದೆ ತಲೆ ತಗ್ಗಿಸಿ ನಿಂತಿರುತ್ತದೆ. ಜ್ವರ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರಬಹುದು. ಜೊಲ್ಲು ಸುರಿಯುತ್ತದೆ. ದವಡೆಯ ಕೆಳಗೆ ಎದ್ದ ಬಾವು ಗಂಟಲಿಗೆ, ಅಲ್ಲಿಂದ ಎದೆಗೆ ಇಳಿಯುತ್ತದೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಉಸಿರಿಗೆ ಗೊರಗೊರ ಸದ್ದು ಬಂದ ಮೇಲೆ ಆಸೆ ಕಡಿಮೆ. ಎಷ್ಟೋ ಎಮ್ಮೆಗಳು 24 ಗಂಟೆಯೊಳಗೆ ಸಾಯುತ್ತವೆ. 1887ರಲ್ಲಿ ಒರೆಸ್ತೆ ಮತ್ತು ಅರ್ಮಾನ್ನಿ ಇಟಲಿಯ ಎಮ್ಮೆಗಳಲ್ಲಿ ಇದೇ ರೋಗವನ್ನು ಪರೀಕ್ಷಿಸಿದರು. ಅಲ್ಲಿ ಅದರ ಹೆಸರು ‘ಬಾರ್ಬೋನೆ’. ಇಟಾಲಿಯನ್ನಿನಲ್ಲಿ ಆ ಮಾತಿಗೆ ದೊಡ್ಡ ಗಡ್ಡವೆಂದು ಅರ್ಥ. ನಮ್ಮವರು ಗಳಲೆ, ಗಂಟಲು ಬೇನೆ ಎಂದರು. ಹೆಸರಿಡುವುದರಲ್ಲಿ ಹ್ಯೂಪೆಗಿಂತ ದನಗಾಹಿಗಳೇ ವಾಸಿ!

ಎದುರು ಪಕ್ಷದ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ನೆರಡಿಯಲ್ಲೂ ಗಂಟಲು ಬಾಯುವುದುಂಟು, ಗಳಲೆಯಲ್ಲೂ ಮೂಗಿನ ಸಿಂಬಳಕ್ಕೆ ರಕ್ತ ಬೆರೆಯುವುದುಂಟು. ಹಾಗಾಗಿ ಒಂದೇ ಲಕ್ಷಣ ಹಿಡಿದು ತೀರ್ಪು ಕೊಡಬಾರದು. ನೆರಡಿಯಿಂದ ಸತ್ತ ದನದ ರಂಧ್ರಗಳಿಂದ ಬರುವ ರಕ್ತ ಕಪ್ಪಗಿದ್ದು ಹೆಪ್ಪುಗಟ್ಟುವುದಿಲ್ಲ, ಗುಲ್ಮ ಊದಿಕೊಂಡಿರುತ್ತದೆ. ಗಳಲೆಯಲ್ಲಿ ಗುಲ್ಮ ಹಾಗೆ ಊದುವುದಿಲ್ಲ; ಬಾವನ್ನು ಕೊಯ್ದರೆ ಒಣಹುಲ್ಲಿನ ಬಣ್ಣದ ನೀರು, ಲೋಳೆ. ಆದರೆ ನೆರಡಿಯ ಅನುಮಾನವಿದ್ದರೆ ಹೆಣವನ್ನು ಕೊಯ್ಯಲೇಬಾರದು, ಮೊದಲು ರಕ್ತದ ಲೇಪನ ನೋಡಬೇಕು. ಬಣ್ಣ ಹಾಕಿದಾಗ ಎರಡು ತುದಿ ಗಾಢವಾಗಿ ನಡುವೆ ತೆಳುವಾಗಿ ಕಾಣುವ ಗಿಡ್ಡ ಕಡ್ಡಿಗಳಿದ್ದರೆ ಪಾಶ್ಚುರೆಲ್ಲಾ ಎಂದು ಬಲವಾಗಿ ಶಂಕಿಸಬಹುದು. 1878ರಲ್ಲಿ ಮ್ಯೂನಿಕ್ ಸುತ್ತಲಿನ ಜಿಂಕೆ ದನಗಳ ಸಾವನ್ನು ಬೋಲಿಂಗರ್ ನೆರಡಿಯಿಂದ ಬೇರ್ಪಡಿಸಿದ್ದ. ಅದನ್ನು ಓದಿದವರು ಮತ್ತೆ ಎರಡನ್ನೂ ಕಲಸುವುದು ಸೋಜಿಗ.

ಇನ್ನು ಮಳೆ. ಕೆಸರಿನಲ್ಲಿ ವರ್ಷವಿಡೀ ಅವಿತಿದ್ದ ರೋಗಾಣು ಮುಂಗಾರಿಗೆ ಏಳುತ್ತದೆಂಬ ಕಥೆ ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಿದೆ. ನೆರಡಿಯ ಬೀಜಕ್ಕೆ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುವ ಶಕ್ತಿಯುಂಟು. ಪಾಶ್ಚುರೆಲ್ಲಾ ಬೀಜ ಕಟ್ಟುವುದೇ ಇಲ್ಲ, ಹಸಿ ನೆಲದಲ್ಲಿ ಅದರ ಆಯಸ್ಸು ದಿನಗಳ ಲೆಕ್ಕದ್ದು. ಅದರ ಮನೆ ಎಮ್ಮೆಯ ಗಂಟಲೊಳಗಿನ ಟಾನ್ಸಿಲ್. ಶ್ರೀಲಂಕಾದ ಡಿ ಆಲ್ವಿಸ್ ಮತ್ತು ಸಂಗಡಿಗರು ರೋಗ ತಗುಲಿ ಬದುಕುಳಿದ ಎಮ್ಮೆಗಳಲ್ಲಿ ಅದು ಅಡಗಿ ಉಳಿಯುವುದನ್ನು ತೋರಿಸಿದರು (ಈ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ). ಬೇಸಿಗೆಯ ಮೇವಿನ ಬರಕ್ಕೆ ಬಡಕಲಾದ ಕೋಣವನ್ನು ಮೊದಲ ಮಳೆಗೆ ನೊಗಕ್ಕೆ ಹೂಡಿದಾಗ, ತೊಯ್ದ ಮಂದೆ ಒತ್ತೊತ್ತಾಗಿ ಕೊಟ್ಟಿಗೆಯಲ್ಲಿ ನಿಂತಾಗ, ಅಡಗಿದ್ದದ್ದು ಜೊಲ್ಲಿಗೂ ಮೂಗಿನ ಸಿಂಬಳಕ್ಕೂ ಇಳಿಯುತ್ತದೆ. ಮಳೆ ರೋಗಾಣುವನ್ನು ಹುಟ್ಟಿಸುವುದಿಲ್ಲ. ತೇವದಲ್ಲಿ ಅದಕ್ಕೆ ಪಕ್ಕದ ಎಮ್ಮೆಯವರೆಗೆ ದಾಟುವಷ್ಟು ಹೊತ್ತು ಸಿಗುತ್ತದೆ, ಅಷ್ಟೆ.

ಲಸಿಕೆಯ ಚರಿತ್ರೆಯನ್ನೂ ಇದೇ ಬೆಳಕಿನಲ್ಲಿ ಓದಬೇಕು. ಪಟಿಕ ಬೆರೆಸಿದ ಲಸಿಕೆಯ ರಕ್ಷಣೆ ಆರು ತಿಂಗಳ ಆಸುಪಾಸಿನದು. 1950ರ ದಶಕದಲ್ಲಿ ಬೇನ್ ಮುಂತಾದವರು ಬೆಳೆಸಿದ ಎಣ್ಣೆ ಬೆರಕೆಯ ಲಸಿಕೆ ವರ್ಷದ ತನಕ ಕಾಯುತ್ತದೆ, ಆದರೆ ಗಟ್ಟಿ. ಚಳಿಗೆ ಸೂಜಿಯಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಯಾವುದನ್ನು ಕೊಟ್ಟರೂ ರಕ್ಷಣೆ ಮೂಡಲು ಎರಡು ಮೂರು ವಾರ ಬೇಕು. ಜೂನ್ ಮೊದಲ ವಾರಕ್ಕೆ ಮಳೆ ಬೀಳುವ ಊರಿನಲ್ಲಿ ಮೇ ಹದಿನೈದರೊಳಗೆ ಚುಚ್ಚಿದರೆ ಲೆಕ್ಕ ಸರಿಹೋಗುತ್ತದೆ. ಜೂನ್ 20ರಂದು ಮಂದೆಯಲ್ಲಿ ಒಂದು ಎಮ್ಮೆ ಸತ್ತ ಮೇಲೆ 21ಕ್ಕೆ ಉಳಿದವಕ್ಕೆ ಚುಚ್ಚಿದರೆ, ಆಗಲೇ ಸೋಂಕು ತಗುಲಿದ್ದ ಒಂದೆರಡು 23ಕ್ಕೆ ಗಂಟಲು ಬಾತು ಬೀಳಬಹುದು. ಅಂಥವಕ್ಕೆ ಬೇಕಾಗಿದ್ದದ್ದು ಜ್ವರ ಏರಿದ ಮೊದಲ ಗಂಟೆಗಳಲ್ಲೇ ಸಲ್ಫಾಡಿಮಿಡಿನ್ ಇಲ್ಲವೇ ಆಕ್ಸಿಟೆಟ್ರಾಸೈಕ್ಲಿನ್. ಆದರೆ ಕಡತಕ್ಕೆ ಅವು ಹೋಗುವುದು ‘ಲಸಿಕೆ ಹಾಕಿದ ಬಳಿಕ ಸತ್ತವು’ ಎಂದು. ಚುಚ್ಚಿದ ತಾರೀಕನ್ನೂ ಸತ್ತ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡದ ಇತಿಹಾಸಕಾರರು ಆ ಸಾಲನ್ನೇ ಎತ್ತಿಕೊಂಡು, ಲಸಿಕೆಯ ಸೋಲಿಗೆ ಸಾಕ್ಷಿ ಮಾಡಿಕೊಂಡಿದ್ದಾರೆ.