ಹಕ್ಕಿನ ಷೇರು

ಹಕ್ಕಿನ ಷೇರು (ರೈಟ್ಸ್ ಇಶ್ಯೂ) ಎಂದರೆ ಕಂಪನಿಯೊಂದು ಹೊಸ ಬಂಡವಾಳಕ್ಕಾಗಿ ತನ್ನ ಈಗಿನ ಷೇರುದಾರರಿಗೆ, ಅವರಲ್ಲಿರುವ ಷೇರುಗಳ ಅನುಪಾತದಲ್ಲಿ, ಸಾಮಾನ್ಯವಾಗಿ ಪೇಟೆ ದರಕ್ಕಿಂತ ಕಡಿಮೆ ಬೆಲೆಗೆ ಕೊಡಮಾಡುವ ಹೊಸ ಷೇರು. ಭಾರತದಲ್ಲಿ ಇದಕ್ಕೆ 2013ರ ಕಂಪನಿ ಕಾಯ್ದೆಯ 62ನೇ ಕಲಮು ಆಧಾರ. ದಾಖಲೆ ದಿನದಂದು (ರೆಕಾರ್ಡ್ ಡೇಟ್) ಷೇರು ಹೊಂದಿರುವವರಷ್ಟೇ ಅರ್ಹರು.

ಮಂಗಳೂರಿನ ಕರ್ಣಾಟಕ ಬ್ಯಾಂಕ್ 2016ರಲ್ಲಿ ಎರಡು ಷೇರಿಗೆ ಒಂದರಂತೆ, ತಲಾ 70 ರೂಪಾಯಿಗೆ ಹಕ್ಕಿನ ಷೇರು ನೀಡಿತು. 100 ಷೇರು ಹೊಂದಿದ್ದವರಿಗೆ 50 ಹೊಸ ಷೇರು ಸಿಗುತ್ತಿತ್ತು. ಕಟ್ಟಬೇಕಿದ್ದುದು 3,500 ರೂಪಾಯಿ.

ಇದೇ ಅನುಪಾತದಲ್ಲಿ ಪೇಟೆ ದರ 130 ರೂಪಾಯಿ ಎಂದಿಟ್ಟುಕೊಂಡರೆ, ಹಳೆಯ 13,000ಕ್ಕೆ 3,500 ಸೇರಿ 150 ಷೇರುಗಳ ಮೌಲ್ಯ 16,500 ಆಗುತ್ತದೆ. ಅಂದರೆ ತಾತ್ವಿಕ ದರ 110ಕ್ಕೆ ಇಳಿಯುತ್ತದೆ. ರಿಯಾಯಿತಿಯು ಉಚಿತ ಲಾಭವಲ್ಲ. ಹಣ ಕಟ್ಟಿದವರ ಒಟ್ಟು ಮೌಲ್ಯದಲ್ಲಿ ನಷ್ಟವಿಲ್ಲ.

ಸುಮ್ಮನಿದ್ದವರ 100 ಷೇರು ಮಾತ್ರ 11,000ಕ್ಕೆ ಇಳಿದು 2,000 ರೂಪಾಯಿ ಕರಗುತ್ತದೆ, ಕಂಪನಿಯಲ್ಲಿನ ಪಾಲೂ ಕುಗ್ಗುತ್ತದೆ.

2020ರಿಂದ ಈ ಹಕ್ಕು ತಾತ್ಕಾಲಿಕವಾಗಿ ಡಿಮ್ಯಾಟ್ ಖಾತೆಗೆ ಜಮೆಯಾಗುತ್ತದೆ. ಹಣ ಕಟ್ಟಲಾಗದವರು ಅದನ್ನು ಷೇರುಪೇಟೆಯಲ್ಲಿ ಮಾರಬಹುದು. ಮಾರಾಟದ ಅವಧಿ ಅರ್ಜಿಯ ಕೊನೆಯ ದಿನಕ್ಕಿಂತ ಮೊದಲೇ ಮುಗಿಯುತ್ತದೆ. ಅರ್ಜಿಯನ್ನೂ ಹಾಕದೆ, ಮಾರದೆ ಬಿಟ್ಟ ಹಕ್ಕು ಪರಿಹಾರವಿಲ್ಲದೆ ರದ್ದಾಗುತ್ತದೆ.