ಹಲ್ಲು ಕೀಳಿಸುವ ಮುನ್ನ ಆಂಟಿಬಯೋಟಿಕ್ ಯಾರಿಗೆ?

ಹೃದಯದಲ್ಲಿ ಮರ್ಮರ ಶಬ್ದವಿದೆ ಎಂದು ಹಳೆಯ ಚೀಟಿಯೊಂದರಲ್ಲಿ ಬರೆದಿದ್ದರೆ ಸಾಕು, ಹಲ್ಲು ಕೀಳಿಸಲು ಹೋದವರಿಗೆ ಐದು ದಿನದ ಆಂಟಿಬಯೋಟಿಕ್ ಬರೆದುಕೊಡುತ್ತಾರೆ. ಕೃತಕ ವಾಲ್ವ್ ಹಾಕಿಸಿಕೊಂಡವರಿಗೆ ಮಾತ್ರ, ಅದೆಲ್ಲ ಈಗ ಬೇಡವೆಂದು ಇಂಗ್ಲೆಂಡಿನಲ್ಲೇ ತೀರ್ಮಾನವಾಗಿದೆ ಎಂದು ಹೇಳಿ ಒಂದು ಮಾತ್ರೆಯನ್ನೂ ಕೊಡದೆ ಕಳಿಸುವುದುಂಟು. ಮೊದಲನೆಯದು ವ್ಯರ್ಥ, ಎರಡನೆಯದು ಅಪಾಯ. ಈ ಗೊಂದಲ ಬಂದದ್ದೆಲ್ಲಿಂದ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಔಷಧ ತಡೆಯಬೇಕಾದದ್ದು ಹೃದಯದ ಒಳಪೊರೆಗೆ, ಅದರಲ್ಲೂ ವಾಲ್ವ್‌ಗಳಿಗೆ ತಗಲುವ ಸೋಂಕನ್ನು. ಆ ಎಂಡೋಕಾರ್ಡೈಟಿಸನ್ನು 1885ರಲ್ಲಿ ವಿಲಿಯಂ ಆಸ್ಲರ್ ತಮ್ಮ ಉಪನ್ಯಾಸಗಳಲ್ಲಿ ವಿವರಿಸಿದರು. ಹಲ್ಲು ಕಿತ್ತ ಕೂಡಲೇ ಬಾಯಿಯ ಸ್ಟ್ರೆಪ್ಟೊಕಾಕಸ್ ರಕ್ತಕ್ಕೆ ಸೇರುತ್ತದೆಂದು 1935ರಲ್ಲಿ ಓಕೆಲ್ ಮತ್ತು ಎಲಿಯಟ್ ತೋರಿಸಿಕೊಟ್ಟರು. 1955ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮೊದಲ ಸಲ ಮುಂಜಾಗ್ರತಾ ಪೆನಿಸಿಲಿನ್‌ಗೆ ಸಲಹೆ ಮಾಡಿತು. ಮುಂದಿನ ಐವತ್ತು ವರ್ಷ ಸೂತ್ರಗಳು ಬದಲಾದವು, ಸಲಹೆಗಳ ಮೂಲ ನಂಬಿಕೆ ಬದಲಾಗಲಿಲ್ಲ.

ಅದು ಅಲುಗಾಡಿದ್ದು ನಮ್ಮ ಕಾಲದಲ್ಲಿ. 2008ರಲ್ಲಿ ಲಾಕ್‌ಹಾರ್ಟ್ ಮತ್ತು ಸಂಗಡಿಗರು ಹಲ್ಲು ಕೀಳಿಸಿಕೊಂಡವರ ರಕ್ತವನ್ನೂ ಸುಮ್ಮನೆ ಹಲ್ಲುಜ್ಜಿದವರ ರಕ್ತವನ್ನೂ ಪರೀಕ್ಷಿಸಿದರು. ಔಷಧವಿಲ್ಲದೆ ಕೀಳಿಸಿಕೊಂಡವರಲ್ಲಿ ಶೇ. 60, ಅಮಾಕ್ಸಿಸಿಲಿನ್ ಪಡೆದವರಲ್ಲಿ ಶೇ. 33, ಬರೀ ಹಲ್ಲುಜ್ಜಿದವರಲ್ಲಿ ಶೇ. 23 ಮಂದಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಹಲ್ಲು ಕೀಳಿಸುವುದು ಜೀವಮಾನದಲ್ಲಿ ಕೆಲವೇ ಸಲ, ಉಜ್ಜುವುದು ದಿನಕ್ಕೆರಡು ಸಲ. ಒಸಡು ಕೆಟ್ಟಿದ್ದರೆ ನಿತ್ಯವೂ ಸೋಂಕಿನ ದಾರಿ ತೆರೆದೇ ಇರುತ್ತದೆ. ಬಾಯಿಯ ಆರೋಗ್ಯವೇ ಮುಖ್ಯ ರಕ್ಷಣೆ ಎಂದು ನಾನು ವಾದಿಸುತ್ತ ಬಂದಿರುವುದು ಇದಕ್ಕೇ.

ಈ ಅಧ್ಯಯನಕ್ಕೂ ಮುಂಚೆಯೇ, 2007ರ ಅಮೆರಿಕನ್ ಸಲಹೆ ಇದೇ ತರ್ಕದ ಮೇಲೆ ಔಷಧ ಬೇಕಾದವರ ಪಟ್ಟಿಯನ್ನು ಬಹಳ ಕಿರಿದು ಮಾಡಿತ್ತು. ಕೃತಕ ವಾಲ್ವ್ ಉಳ್ಳವರು, ಹಿಂದೊಮ್ಮೆ ಈ ಸೋಂಕು ಬಂದು ಗುಣವಾದವರು, ಮೈ ನೀಲಿಗಟ್ಟಿಸುವಂಥ ಕೆಲವು ಹುಟ್ಟು ಹೃದ್ರೋಗಗಳವರು, ಹೃದಯ ಕಸಿಯ ನಂತರ ವಾಲ್ವ್ ಕೆಟ್ಟವರು ಮಾತ್ರ ಅದರಲ್ಲಿ ಉಳಿದರು. ಸೋಂಕು ತಗುಲಿದರೆ ಇವರು ಬದುಕುಳಿಯುವುದು ಕಷ್ಟ ಎಂಬುದು ಆಯ್ಕೆಯ ಆಧಾರ. ಇವರಿಗೂ ಬೇಕಾದದ್ದು ಒಂದೇ ಡೋಸ್: ಒಸಡನ್ನು ಕದಲಿಸುವ ಅಥವಾ ಬೇರಿನ ತುದಿ ಮುಟ್ಟುವ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್. ಐದು ದಿನದ ಕೋರ್ಸ್‌ಗೆ ಇಲ್ಲಿ ಆಧಾರವೇ ಇಲ್ಲ. ಪೆನಿಸಿಲಿನ್ ಅಲರ್ಜಿಯವರಿಗೆ ಕೊಡುತ್ತಿದ್ದ ಕ್ಲಿಂಡಾಮೈಸಿನನ್ನು 2021ರಲ್ಲಿ ಕೈಬಿಡಲಾಗಿದೆ, ನಮ್ಮ ಚೀಟಿಗಳಲ್ಲಿ ಅದಿನ್ನೂ ಕಾಣುತ್ತದೆ.

ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಇನ್ನೂ ಮುಂದೆ ಹೋಗಿ, ಯಾರಿಗೂ ಬೇಡ ಎಂದಿತು. ಅಲ್ಲಿಂದೀಚೆಗೆ ಇಂಗ್ಲೆಂಡಿನಲ್ಲಿ ಈ ಕಾಯಿಲೆ ನಿರೀಕ್ಷೆ ಮೀರಿ ಏರಿದ್ದನ್ನು 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಔಷಧ ನಿಲ್ಲಿಸಿದ್ದೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೂ 2016ರಲ್ಲಿ ನೈಸ್ ತನ್ನ ವಾಕ್ಯದಲ್ಲಿ 'ವಾಡಿಕೆಯಾಗಿ' ಬೇಡ ಎಂದು ತಿದ್ದಿಕೊಂಡಿತು. ಇಂಗ್ಲೆಂಡನ್ನು ಉಲ್ಲೇಖಿಸುವವರು ಈ ತಿದ್ದುಪಡಿಯನ್ನು ಓದಿರುವುದಿಲ್ಲ. ಸೋಂಕನ್ನೇ ಅಳೆಯುವ ಯಾದೃಚ್ಛಿಕ ಪ್ರಯೋಗ ಇಂದಿಗೂ ನಡೆದಿಲ್ಲ. ಅದು ಬರುವವರೆಗೆ ಕಿರಿದಾದ ಪಟ್ಟಿಯೇ ಸರಿ ಎಂಬುದು ನನ್ನ ನಿಲುವು.

ಈ ಪಟ್ಟಿಗಳೆಲ್ಲ ರುಮ್ಯಾಟಿಕ್ ಜ್ವರ ಹೆಚ್ಚುಕಡಿಮೆ ಮಾಯವಾದ ದೇಶಗಳಲ್ಲಿ ಹುಟ್ಟಿದವು. ನಮ್ಮಲ್ಲಿ ಆ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾದ ಮೂವತ್ತರ ಹೆಣ್ಣುಮಗಳೊಬ್ಬಳನ್ನು ನೆನೆಯಿರಿ. ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಾಳೆ. ಅದು ಗಂಟಲಿನ ಸೋಂಕು ಮರುಕಳಿಸದಂತೆ ತಡೆಯಲು, ಹಲ್ಲಿನ ಕೆಲಸದ ರಕ್ಷಣೆಗಲ್ಲ. ಅಮೆರಿಕನ್ ಪಟ್ಟಿಯ ಪ್ರಕಾರ ಅವಳಿಗೆ ಹಲ್ಲಿನ ಕೆಲಸಕ್ಕೆ ಮುನ್ನ ಮಾತ್ರೆ ಬೇಡ. ಆದರೆ ಆಸ್ಟ್ರೇಲಿಯಾ ತನ್ನ ಮೂಲನಿವಾಸಿ ರುಮ್ಯಾಟಿಕ್ ರೋಗಿಗಳನ್ನು ಪಟ್ಟಿಗೆ ಸೇರಿಸಿಕೊಂಡಿದೆ. ಅವಳಿಗೆ ಲೋಹದ ವಾಲ್ವ್ ಹಾಕಿದ ದಿನವೇ ಅವಳು ಪಟ್ಟಿಯೊಳಕ್ಕೆ ಬರುತ್ತಾಳೆ. ಆಗ ಅಮಾಕ್ಸಿಸಿಲಿನ್ ನಂಬುವಂತಿಲ್ಲ. ಪೆನಿಸಿಲಿನ್ ಪಡೆಯುತ್ತಲೇ ಇರುವ ಬಾಯಿಯಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದಿರಬಹುದು. 500 ಮಿಲಿಗ್ರಾಂ ಅಜಿತ್ರೊಮೈಸಿನ್‌ನಂಥ ಬೇರೆ ಗುಂಪಿನ ಔಷಧ ಕೊಡಬೇಕು. ಹಲ್ಲಿನ ಕೆಲಸದ ನಂತರ ಕೆಲವು ವಾರಗಳಲ್ಲಿ ಸಣ್ಣ ಜ್ವರ, ಬೆವರು, ಹಸಿವಿಲ್ಲದಿರುವುದು ಶುರುವಾದರೆ ಮಾತ್ರೆಗಿಂತ ಮೊದಲು ಮೂರು ಸಲ ಬ್ಲಡ್ ಕಲ್ಚರ್ ತೆಗೆಯಬೇಕು. ಮೊದಲೇ ಆಂಟಿಬಯೋಟಿಕ್ ಕೊಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು, ಆಗ ಚಿಕಿತ್ಸೆ ಅಂದಾಜಿನ ಮೇಲೆ ಸಾಗುತ್ತದೆ.

ಇದೇ ಸೋಂಕು ಹಲ್ಲಿನ ದಾರಿಯಲ್ಲದೆ ಸೂಜಿಯ ದಾರಿಯಲ್ಲೂ ಬರುತ್ತದೆ, ಆದರೆ ಮಾದಕ ವಸ್ತು ಚುಚ್ಚಿಕೊಳ್ಳುವವರ ಬಗ್ಗೆ ನಮ್ಮ ವೈದ್ಯಕೀಯ ಸಾಹಿತ್ಯ ಬಹುಮಟ್ಟಿಗೆ ಮೌನ. ಅವರಲ್ಲಿ ಚರ್ಮದ ಸ್ಟಫಿಲೊಕಾಕಸ್ ಆರಿಯಸ್ ಬಲಬದಿಯ ಟ್ರೈಕಸ್ಪಿಡ್ ವಾಲ್ವನ್ನು ಹೆಚ್ಚಾಗಿ ಹಿಡಿಯುತ್ತದೆ. ಅಲ್ಲಿಂದ ಚೂರುಗಳು ಶ್ವಾಸಕೋಶಕ್ಕೆ ಹಾರಿ ಜ್ವರ, ಕೆಮ್ಮು, ಎದೆನೋವು ಬರುತ್ತವೆ, ನ್ಯುಮೋನಿಯಾ ಎಂದು ಮೋಸಹೋಗುವುದು ಸುಲಭ. ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳುವವರಿಗೆ ಮುಂಜಾಗ್ರತಾ ಮಾತ್ರೆ ಅರ್ಥಹೀನ. ಹೊಸ ಸೂಜಿ, ಚುಚ್ಚುವ ಮೊದಲು ಸ್ಪಿರಿಟ್‌ನಿಂದ ಒರೆಸಿದ ಚರ್ಮ, ಸೂಜಿಯನ್ನು ನೆಕ್ಕದಿರುವುದು, ಎಲ್ಲಕ್ಕಿಂತ ಹೆಚ್ಚಾಗಿ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಚಿಕಿತ್ಸೆ ಅವರನ್ನು ಕಾಯುತ್ತದೆ. ಸೋಂಕಿಗೆ ಆರು ವಾರ ಔಷಧ ಕೊಟ್ಟು, ವ್ಯಸನಕ್ಕೆ ಏನೂ ಮಾಡದೆ ಮನೆಗೆ ಕಳಿಸುವುದು ಅರೆಬರೆ ಚಿಕಿತ್ಸೆ. ಒಮ್ಮೆ ಈ ಸೋಂಕು ಬಂದು ಹೋದವನು ಮುಂದೆ ಹಲ್ಲಿನ ಕೆಲಸಕ್ಕೂ ಆ 2 ಗ್ರಾಂ ಡೋಸಿಗೆ ಅರ್ಹ. ಅದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಬೇಕು, ಅವನಿಗೆ ಓದಿ ಹೇಳಬೇಕು, ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕೊಳೆತ ಹಲ್ಲುಗಳನ್ನು ದಂತವೈದ್ಯರಿಗೆ ತೋರಿಸಬೇಕು.