ಲಗ್ನಪತ್ರಿಕೆಯ ಸಾಲು ಸರಿದ ಬಗೆ

ಪುಣೆಯಲ್ಲಿ ನೆಲೆಸಿದ ಒಂದು ಕನ್ನಡ ಮನೆತನ, ಮದುವೆ ಧಾರವಾಡದಲ್ಲಿ ಎಂದಿಟ್ಟುಕೊಳ್ಳಿ. ಲಗ್ನಪತ್ರಿಕೆಯ ಮಜಕೂರನ್ನು ವಧುವಿನ ಸೋದರಮಾವ ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾರೆ. ಮೇಲೆ ಕುಲದೇವರ ಹೆಸರು, ಕೆಳಗೆ ಎಡಕ್ಕೆ ವರ, ಬಲಕ್ಕೆ ವಧು. ಒಬ್ಬೊಬ್ಬರ ಹೆಸರಿನ ಕೆಳಗೂ ಅಜ್ಜನ ಹೆಸರು ಒಂದು ಸಾಲು, ತಂದೆಯ ಹೆಸರು ಇನ್ನೊಂದು ಸಾಲು. ವಧುವಿನ ಅಜ್ಜ ತೀರಿಕೊಂಡಿದ್ದಾರೆ, ಆದ್ದರಿಂದ ಅವರ ಹೆಸರಿನ ಹಿಂದೆ ‘ದಿ.’ ಇದೆ. ಪರದೆಯ ಮೇಲೆ ಎಲ್ಲವೂ ನಟ್ಟನಡುವೆ, ಅಚ್ಚುಕಟ್ಟು. ಪರದೆಯ ಚಿತ್ರ ತೆಗೆದು ಬೀಗರಿಗೆ ಕಳಿಸಿ ಒಪ್ಪಿಗೆ ಪಡೆದದ್ದೂ ಆಯಿತು. ಬಳಿಕ ವರ್ಡ್ ಫೈಲು ಧಾರವಾಡದ ಮುದ್ರಣದಂಗಡಿಗೆ ಹೋಯಿತು.

ಅಚ್ಚಾಗಿ ಬಂದ ಮೊದಲ ಹಾಳೆಯಲ್ಲಿ ದೇವರ ಹೆಸರು ಬಲಕ್ಕೆ ಸರಿದಿತ್ತು. ಅದರ ಕೆಳಗಿನ ಉದ್ದನೆಯ ಸಾಲು ಸ್ವಲ್ಪವೇ ಸರಿದಿತ್ತು. ಅಷ್ಟಾದರೆ ಸಹಿಸಬಹುದಿತ್ತೇನೋ. ಆದರೆ ವಧುವಿನ ಅಜ್ಜನ ಹೆಸರು ಬಲಬದಿಯಲ್ಲಿ ಜಾಗ ಸಾಲದೆ ಮುಂದಿನ ಸಾಲಿಗೆ ಉರುಳಿ ವರನ ಕಡೆ ಬಿದ್ದಿತ್ತು. ‘ದಿ.’ ಮಾತ್ರ ಬಲತುದಿಯಲ್ಲೇ ಉಳಿದಿತ್ತು. ಬಲಗಡೆಯ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ‘ದಿ.’ ಆದಮೇಲೆ ಸಿಗುವ ಮೊದಲ ಹೆಸರು ವಧುವಿನ ತಂದೆಯದು. ಅವರು ಗಟ್ಟಿಮುಟ್ಟಾಗಿ ಬದುಕಿದ್ದಾರೆ, ಮಗಳನ್ನು ಧಾರೆ ಎರೆದು ಕೊಡಬೇಕಾದವರು.

ಇಂಥ ಹೊತ್ತಿನಲ್ಲಿ ಅಂಗಡಿಯವರು ಹೇಳುವ ಮಾತು ಒಂದೇ: “ಸಾಹೇಬ್ರ, ನೀವು ಕಳಿಸಿದ್ದನ್ನ ಹಂಗ ತಗದೀನ್ರಿ. ನಾ ಏನೂ ಮುಟ್ಟಿಲ್ಲ.” ಅದು ಸುಳ್ಳೂ ಅಲ್ಲ. ಒಂದು ಅಕ್ಷರವೂ ಬದಲಾಗಿಲ್ಲ, ಒಂದು ಪದವೂ ಕಳೆದಿಲ್ಲ. ಬದಲಾದದ್ದು ಅಕ್ಷರಗಳ ಅಗಲ.

ಮೊಳೆ ಜೋಡಿಸುವ ಕಾಲದಲ್ಲಿ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾದಾಗಿನಿಂದ ಆಫ್‌ಸೆಟ್ ಬರುವವರೆಗೂ ಕನ್ನಡದ ಬಿಡಿ ಅಚ್ಚಕ್ಷರ ಎಂದರೆ ಕೈಯಲ್ಲಿ ಹಿಡಿಯಬಹುದಾದ ಸೀಸದ ತುಂಡು. ಅದರ ಅಗಲ ಲೋಹದಲ್ಲೇ ಇತ್ತು. ಸಾಲನ್ನು ನಡುವಿಗೆ ತರಬೇಕಾದರೆ ಮೊಳೆ ಜೋಡಿಸುವವನು ಎರಡೂ ಬದಿಗೆ ಅಕ್ಷರವಿಲ್ಲದ ಖಾಲಿ ತುಂಡುಗಳನ್ನು ಸಮನಾಗಿ ತುಂಬಿ, ಸಾಲು ಅಲುಗಾಡದಂತೆ ಬಿಗಿ ಮಾಡುತ್ತಿದ್ದ. ಖಾಲಿ ಜಾಗವೂ ಲೋಹವೇ. ಕರಡು ಪ್ರತಿ ತೆಗೆಯುವುದು ಇದೇ ಮೊಳೆಗಳಿಂದ, ತಿದ್ದಿದ ಮೇಲೆ ಪ್ರತಿಗಳನ್ನು ಅಚ್ಚು ಹಾಕುವುದೂ ಇದೇ ಮೊಳೆಗಳಿಂದ. ಕಾಗುಣಿತದ ತಪ್ಪು ಉಳಿಯಬಹುದಿತ್ತು, ಮೊಳೆ ಸವೆದಿರಬಹುದಿತ್ತು, ಆದರೆ ಕರಡಿನಲ್ಲಿ ನಡುವಿದ್ದ ಸಾಲು ಅಚ್ಚಿನಲ್ಲಿ ಬದಿಗೆ ಸರಿಯುವುದು ಅಸಾಧ್ಯವಾಗಿತ್ತು.

ಬೆರಳಚ್ಚು ಯಂತ್ರ ಬೇರೊಂದು ರೂಢಿ ಕಲಿಸಿತು. ಅಲ್ಲಿ ಸಾಲನ್ನು ನಡುವಿಗೆ ತರುವುದೆಂದರೆ ಲೆಕ್ಕ ಹಾಕಿ ಸ್ಪೇಸ್ ಕೀಲಿ ಒತ್ತುವುದು. ಗಾಡಿ ಪ್ರತಿ ಒತ್ತಿಗೂ ಒಂದೇ ಅಳತೆ ಮುಂದೆ ಹೋಗುತ್ತಿದ್ದುದರಿಂದ ಲೆಕ್ಕ ಹಾಳೆಯ ಮೇಲೆ ತಪ್ಪುತ್ತಿರಲಿಲ್ಲ. ಕಂಪ್ಯೂಟರ್ ಬಂದಮೇಲೂ ಬೆರಳುಗಳು ಈ ಅಭ್ಯಾಸವನ್ನು ಬಿಡಲಿಲ್ಲ. ಬೆರಳಚ್ಚು ಯಂತ್ರವನ್ನು ಎಂದೂ ಮುಟ್ಟದವರೂ ಇದನ್ನು ಯಾರಿಂದಲೋ ನೋಡಿ ಕಲಿತಿದ್ದಾರೆ!

ಕಂಪ್ಯೂಟರಿನ ಮೊದಲ ಕಾಲದಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು ಬಳಕೆಯಲ್ಲಿರಲಿಲ್ಲ. ಪುಣೆಯಲ್ಲೇ ತಯಾರಾದ ಶ್ರೀಲಿಪಿ, ಆಮೇಲೆ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾಗಿದ್ದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನೊಳಗೆ ಇರುವುದು ಇದು:

```
PÀ£ÀßqÀ
```

`P` ಎಂಬ ಮನೆಯಲ್ಲಿ ಕಕಾರದ ದೇಹ, `À` ಎಂಬಲ್ಲಿ ತಲೆಕಟ್ಟು, `£` ನಕಾರದ ದೇಹ, ಮತ್ತೆ ತಲೆಕಟ್ಟು, `ß` ಎಂದರೆ ನಕಾರದ ಒತ್ತು, `q` ಡಕಾರದ ದೇಹ, ಕೊನೆಗೆ ಇನ್ನೊಂದು ತಲೆಕಟ್ಟು. ನುಡಿ ಇಲ್ಲದ ಯಂತ್ರದಲ್ಲಿ ಫೈಲನ್ನು ತೆರೆದರೆ ಈ ವೇಷಾಂತರ ಬಯಲಾಗುತ್ತಿತ್ತು. ಮುದ್ರಣದಂಗಡಿಗಳ ನೆಚ್ಚಿನ ಕೋರೆಲ್ ಡ್ರಾ ತಂತ್ರಾಂಶ ಫಾಂಟು ಸಿಗದಾಗ ಬದಲಿ ಯಾವುದೆಂದು ಕೇಳುವ ಒಂದು ಪೆಟ್ಟಿಗೆಯನ್ನೂ ತೋರಿಸುತ್ತಿತ್ತು. ಅವಸರದಲ್ಲಿ ಸರಿ ಎಂದು ಒತ್ತಿಬಿಟ್ಟರೆ ಪತ್ರಿಕೆಯ ತುಂಬ `PÀ£ÀßqÀ` ಥರದ ಸಾಲುಗಳು. ಅಸಹ್ಯವೇ, ಆದರೆ ಒಂದು ಉಪಕಾರವಿತ್ತು: ತಪ್ಪು ಬಾಗಿಲಲ್ಲೇ ಕೂಗಿ ಹೇಳುತ್ತಿತ್ತು. ಕನ್ನಡ ಓದಲು ಬಾರದ ಹುಡುಗನೂ ಅದನ್ನು ಅಚ್ಚಿಗೆ ಹಾಕುತ್ತಿರಲಿಲ್ಲ.

ಯೂನಿಕೋಡ್ ಬಂದಮೇಲೆ ಆ ಕೂಗು ನಿಂತುಹೋಯಿತು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಜಾಗವಿದೆ. ಜನಸಾಮಾನ್ಯರ ಯಂತ್ರಕ್ಕೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ, `Tunga` ಎಂಬ ಫಾಂಟಿನ ರೂಪದಲ್ಲಿ. ಈಗ ಫೈಲಿನಲ್ಲಿ ಇರುವುದು ನಿಜವಾದ ಕಕಾರ, ನಿಜವಾದ ನಕಾರ. ಆದ್ದರಿಂದ ಒಂದು ಫಾಂಟು ಇಲ್ಲವೆಂದರೆ ಯಂತ್ರ ಇನ್ನೊಂದು ಕನ್ನಡ ಫಾಂಟನ್ನು ತಂದು ಅದೇ ಅಕ್ಷರಗಳನ್ನು ಬರೆದುಬಿಡುತ್ತದೆ. ಓದುವವರಿಗೆ ಕೊರತೆ ಕಾಣುವುದಿಲ್ಲ. ಅಳತೆಗೆ ಮಾತ್ರ ಕಾಣುತ್ತದೆ.

ಸೋದರಮಾವನ ಲ್ಯಾಪ್‌ಟಾಪಿನಲ್ಲಿ `Tunga` ಇತ್ತು. ವಿಂಡೋಸ್ 8ರಲ್ಲಿ ಭಾರತದ ಹಲವು ಲಿಪಿಗಳಿಗೆ ಒಟ್ಟಿಗೆ ಒದಗುವ `Nirmala UI` ಬಂತು. ವಿಂಡೋಸ್ 10ರ ಹೊತ್ತಿಗೆ `Tunga` ಬೇಕಾದವರು ಸೇರಿಸಿಕೊಳ್ಳುವ ಹೆಚ್ಚುವರಿ ಫಾಂಟುಗಳ ಪಟ್ಟಿಗೆ ಹೋಯಿತು. ಇಂಗ್ಲಿಷಿನಲ್ಲಿ ಮಾತ್ರ ಅಣಿಗೊಳಿಸಿದ ಹೊಸ ಯಂತ್ರದಲ್ಲಿ ಅದು ಇಲ್ಲದೇ ಇರಬಹುದು. ಅಂಗಡಿಯ ಯಂತ್ರದ ಸ್ಥಿತಿ ಇದೇ. ವರ್ಡ್ ಕಡತ ತನ್ನೊಂದಿಗೆ ಒಯ್ಯುವುದು ಫಾಂಟಿನ ಹೆಸರನ್ನು, ಫಾಂಟನ್ನಲ್ಲ. ಹೆಸರಿನ ಫಾಂಟು ಸಿಗದಾಗ ವರ್ಡ್ ಸದ್ದಿಲ್ಲದೆ ಬದಲಿಯನ್ನು ಹಾಕುತ್ತದೆ. ಇನ್ನೂ ಮೋಸವೆಂದರೆ ಮೇಲಿನ ಫಾಂಟಿನ ಪೆಟ್ಟಿಗೆಯಲ್ಲಿ `Tunga` ಎಂಬ ಹೆಸರೇ ಮುಂದುವರಿಯುತ್ತದೆ. ಅಂಗಡಿಯವರು “ಏನೂ ಮುಟ್ಟಿಲ್ಲ” ಎಂದು ಪ್ರಾಮಾಣಿಕವಾಗಿ ಹೇಳುವುದಕ್ಕೆ ಇದೂ ಒಂದು ಕಾರಣ.

ಸರಿಯುವಿಕೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಮಜಕೂರಿನ ಅಗಲ 110 ಮಿ.ಮೀ. ಎಂದಿರಲಿ. ದೇವರ ಹೆಸರಿನ ಸಾಲು 30 ಮಿ.ಮೀ. ಅದು ನಡುವೆ ಬರಲು ಎಡಕ್ಕೆ 40 ಮಿ.ಮೀ. ಖಾಲಿ ಬೇಕು. ಫಾಂಟಿನಲ್ಲಿ ಒಂದು ಸ್ಪೇಸಿನ ಅಗಲ 1 ಮಿ.ಮೀ. ಆಗಿದ್ದರೆ ಮಾವ 40 ಸಲ ಸ್ಪೇಸ್ ಒತ್ತಿದ್ದಾರೆ. ಬದಲಿ ಫಾಂಟಿನಲ್ಲಿ ಅಕ್ಷರಗಳು ಹತ್ತನೇ ಒಂದರಷ್ಟು ಅಗಲ, ಸ್ಪೇಸು 1.3 ಮಿ.ಮೀ. ಎಂದುಕೊಳ್ಳಿ. ಈಗ ಹೆಸರು 33 ಮಿ.ಮೀ., ಬೇಕಾದ ಖಾಲಿ 38.5, ಆದರೆ ಅಲ್ಲಿರುವ 40 ಸ್ಪೇಸುಗಳು ತಳ್ಳುವುದು 52 ಮಿ.ಮೀ. ಸಾಲು ಬಲಕ್ಕೆ ಹದಿಮೂರುವರೆ ಮಿ.ಮೀ. ಸರಿಯಿತು. ಅದೇ 70 ಮಿ.ಮೀ. ಉದ್ದದ ಸಾಲಿಗೆ ಮೊದಲು 20 ಸ್ಪೇಸು ಸಾಕಾಗಿತ್ತು. ಅದು ಈಗ 77 ಮಿ.ಮೀ., ಬೇಕಾದದ್ದು 16.5, ಇರುವುದು 26. ಸರಿದದ್ದು ಒಂಬತ್ತೂವರೆ ಮಾತ್ರ. ಚಿಕ್ಕ ಸಾಲು ಹೆಚ್ಚು, ದೊಡ್ಡ ಸಾಲು ಕಡಿಮೆ. ಪತ್ರಿಕೆ ಅಂಕುಡೊಂಕಾಗಿ ಕಾಣುವುದು ಹೀಗೆ.

ರೋಗ ಯಾವುದೆಂದು ಕಾಗದದ ಮೇಲೇ ತಿಳಿಯುವುದೂ ಹೀಗೆಯೇ. ಒಂದೊಂದು ಸಾಲು ಒಂದೊಂದು ಅಳತೆ ಸರಿದಿದ್ದರೆ ಅಲ್ಲಿ ಸ್ಪೇಸುಗಳಿವೆ. ಸಾಲುಗಳೆಲ್ಲ ನಡುವೆಯೇ ಇದ್ದು, ಪದಗಳು ಮುರಿಯುವ ಜಾಗ ಮಾತ್ರ ಬೇರೆಯಾಗಿದ್ದರೆ ಟೈಪ್ ಮಾಡಿದವರು ‘ಸೆಂಟರ್’ ಗುಂಡಿಯನ್ನೇ ಬಳಸಿದ್ದಾರೆ, ಅಕ್ಷರದ ಅಗಲ ಮಾತ್ರ ಬದಲಾಗಿದೆ. ಆ ಗುಂಡಿಗೆ ಸ್ಪೇಸುಗಳ ಎಣಿಕೆ ಬೇಡ. ಸಾಲಿನ ಅಗಲ ಎಷ್ಟಾದರೂ ಪ್ರತಿ ಯಂತ್ರವೂ ಉಳಿದ ಜಾಗವನ್ನು ಹೊಸದಾಗಿ ಅರ್ಧ ಮಾಡುತ್ತದೆ. ವರ್ಡಿನಲ್ಲಿ `Ctrl+Shift+8` ಒತ್ತಿದರೆ ಪ್ರತಿ ಸ್ಪೇಸೂ ಒಂದು ಚುಕ್ಕೆಯಾಗಿ ಕಾಣುತ್ತದೆ. ಮಾವನ ಕಡತದಲ್ಲಿ ದೇವರ ಹೆಸರಿನ ಮುಂದೆ ಚುಕ್ಕೆಗಳ ಮೆರವಣಿಗೆ.

ವಧೂವರರ ಎರಡು ಬದಿಗಳಿಗೆ ಸೆಂಟರ್ ಗುಂಡಿಯೂ ಸಾಲದು. ಎಡದ ಹೆಸರಿಗೂ ಬಲದ ಹೆಸರಿಗೂ ನಡುವಿನ ಅಂತರವನ್ನು ಸ್ಪೇಸುಗಳಿಂದ ತುಂಬಿದರೆ ಯಂತ್ರದ ಲೆಕ್ಕಕ್ಕೆ ಅವು ಎರಡು ಕಾಲಂ ಅಲ್ಲ, ಒಂದೇ ಉದ್ದನೆಯ ಸಾಲು. ಅದು ಹಿಗ್ಗಿದಾಗ ತುದಿಯ ಪದ ಮುಂದಿನ ಸಾಲಿನ ಎಡತುದಿಗೆ ಬೀಳುತ್ತದೆ, ಅಂದರೆ ವಧುವಿನ ಅಜ್ಜ ವರನ ಕಡೆಗೆ. ಗೆರೆ ಕಾಣದ, ಎರಡು ಅಂಕಣಗಳ ಒಂದು ಟೇಬಲ್ ಹಾಕಿ ಪ್ರತಿ ಬದಿಯನ್ನೂ ಅದರೊಳಗೇ ಸೆಂಟರ್ ಮಾಡಿದರೆ ಹೆಸರು ತನ್ನ ಮನೆಯ ಗೋಡೆ ದಾಟುವುದಿಲ್ಲ. ‘ದಿ.’ ಮತ್ತು ಹೆಸರಿನ ನಡುವೆ `Ctrl+Shift+Space` ಒತ್ತಿದರೆ ಸಾಲು ಅಲ್ಲಿ ಮುರಿಯದ ಸ್ಪೇಸ್ ಬರುತ್ತದೆ. ಉರುಳಿದರೂ ಎರಡೂ ಜೊತೆಯಾಗಿಯೇ ಉರುಳುತ್ತವೆ.

ಇಷ್ಟು ಮಾಡಿದರೂ ಅಕ್ಷರದ ಅಗಲ ಬದಲಾಗುವುದು ನಿಲ್ಲುವುದಿಲ್ಲ. ಅದಕ್ಕೆ ಫಾಂಟನ್ನೂ ಜೊತೆಗೆ ಕಳಿಸಬೇಕು. ಮಾವನ ಯಂತ್ರದಲ್ಲೇ ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಫಾಂಟಿನ ಆಕಾರಗಳು ಅದರೊಳಗೇ ಸೇರುತ್ತವೆ. ಅಂಗಡಿಯವರು ಮಾಡುವುದು ಇನ್ನೊಂದು ಉಪಾಯ: ಕೋರೆಲ್ ಡ್ರಾದಲ್ಲಿ ಮಜಕೂರನ್ನು ಜೋಡಿಸಿದ ಮೇಲೆ `Ctrl+Q` ಒತ್ತಿ ಅಕ್ಷರಗಳನ್ನೆಲ್ಲ ಬರಿ ಗೆರೆಗಳನ್ನಾಗಿ ಮಾರ್ಪಡಿಸುವುದು. ಆಮೇಲೆ ಯಾವ ಫಾಂಟೂ ಬೇಡ, ಏನೂ ಸರಿಯದು. ಒಂದು ಲೆಕ್ಕದಲ್ಲಿ ಸೀಸದ ಮೊಳೆಯೇ ಮರಳಿ ಬಂದ ಹಾಗೆ, ಸೀಸಕ್ಕಿಂತ ತುಸು ಹಟಮಾರಿ ರೂಪದಲ್ಲಿ. ಮುಹೂರ್ತ ಹತ್ತು ನಿಮಿಷ ಹಿಂದಾಯಿತೆಂದು ಪುರೋಹಿತರು ಕೊನೇ ಗಳಿಗೆಯಲ್ಲಿ ಹೇಳಿದರೆ ಮೊಳೆಯನ್ನು ಚಿಮಟದಿಂದ ಎತ್ತಿ ಬದಲಿಸಬಹುದಿತ್ತು. ಗೆರೆಯಾದ ಅಕ್ಷರವನ್ನು ಅಳಿಸಿ ಟೈಪ್ ಮಾಡಲು ಬರುವುದಿಲ್ಲ. ಹಾಗಾಗಿ ಅನುಭವಸ್ಥರು ಗೆರೆ ಮಾಡುವ ಮೊದಲಿನ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರುತ್ತಾರೆ.

ಬೀಗರು ಒಪ್ಪಿದ್ದ ಚಿತ್ರವೂ ಈ ಸಂದರ್ಭದಲ್ಲಿ ನಿಜವಾದ ಕರಡು ಆಗಿರಲಿಲ್ಲ. ಅದು ಪುಣೆಯ ಯಂತ್ರದ್ದು, ಅಚ್ಚಾಗುವುದು ಧಾರವಾಡದ ಯಂತ್ರದಿಂದ. ಎರಡನೇ ಸಲ ಮಾವ ಪಿಡಿಎಫ್ ಕಳಿಸಿ, ಅಂಗಡಿಯ ಯಂತ್ರದಿಂದ ಒಂದೇ ಒಂದು ಹಾಳೆಯನ್ನು ಮುದ್ರಿಸಿ ಅದರ ಫೋಟೋ ಕಳಿಸಬೇಕೆಂದು ಕೇಳುತ್ತಾರೆ. ಫೋಟೋ ಬಂದಾಗ ಮೊದಲು ದೊಡ್ಡದು ಮಾಡಿ ನೋಡುವುದು ಮುಹೂರ್ತವನ್ನಲ್ಲ, ಬಲಗಡೆಯ ‘ದಿ.’ ಯಾರ ಪಕ್ಕದಲ್ಲಿದೆ ಎಂಬುದನ್ನು.